ಡೆತ್ ಕ್ರಾಸ್ ಬಂದ ದಿನ ಪೇಟೆ ಏರಿತ್ತು: ಎರಡು ಸರಾಸರಿಗಳ ಲೆಕ್ಕವನ್ನು ನೀವೇ ಮಾಡಿ ನೋಡುವ ಬಗೆ

2020ರ ಮಾರ್ಚ್ 30, ಸೋಮವಾರ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ 50 ದಿನಗಳ ಸರಾಸರಿ ಅಂದು 200 ದಿನಗಳ ಸರಾಸರಿಗಿಂತ ಕೆಳಗಿಳಿಯಿತು. ಷೇರುಪೇಟೆಯ ಭಾಷೆಯಲ್ಲಿ ಇದು ಡೆತ್ ಕ್ರಾಸ್. ಹೆಸರು ಕೇಳಿದರೆ ಆ ದಿನ ಪೇಟೆ ನೆಲಕಚ್ಚಿರಬೇಕು ಎನಿಸುತ್ತದೆ. ನಡೆದದ್ದು ಬೇರೆ. ಹಿಂದಿನ ಶುಕ್ರವಾರ 2,541ರಲ್ಲಿ ಮುಗಿದಿದ್ದ ಸೂಚ್ಯಂಕ ಸೋಮವಾರ 85 ಅಂಶ ಏರಿ 2,626ರಲ್ಲಿ ಮುಗಿಯಿತು.

ಅದೇ ವರ್ಷದ ಜುಲೈ 9ರಂದು 50 ದಿನಗಳ ಸರಾಸರಿ ಮತ್ತೆ 200ರ ಸರಾಸರಿಯನ್ನು ದಾಟಿ ಮೇಲೆ ಬಂತು. ಇದು ಗೋಲ್ಡನ್ ಕ್ರಾಸ್, ಅಂದರೆ ಒಳ್ಳೆಯ ಕಾಲದ ಸೂಚನೆ. ಆ ದಿನ ಸೂಚ್ಯಂಕ ಹದಿನೆಂಟು ಅಂಶ ಇಳಿದು 3,152ರಲ್ಲಿ ಮುಗಿಯಿತು.

ಸಾವಿನ ಗೆರೆ ಮೂಡಿದ ದಿನ ಏರಿಕೆ, ಚಿನ್ನದ ಗೆರೆ ಮೂಡಿದ ದಿನ ಇಳಿಕೆ. ಇದು ಕಾಕತಾಳೀಯವಾಗಿರಬಹುದು, ಆದರೆ ಹೀಗಾಗಲು ದಾರಿ ಮಾಡಿಕೊಟ್ಟದ್ದು ಸರಾಸರಿಯ ಲೆಕ್ಕವೇ. ಆ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ‘ಡೆತ್ ಕ್ರಾಸ್ ಬಂತು’ ಎಂಬ ಸುದ್ದಿ ಬಂದಾಗ ಏನು ಮಾಡಬೇಕೆಂದು ಬೇರೆಯವರನ್ನು ಕೇಳಬೇಕಾಗುವುದಿಲ್ಲ. ಬೇಕಾದುದು ಗೂಗಲ್ ಶೀಟ್ಸ್ ಮತ್ತು ಅರ್ಧ ಗಂಟೆ.

ಮೊದಲ ಹೆಜ್ಜೆ: ಬೆಲೆಗಳನ್ನು ತರಿಸಿ, ಎರಡು ಸರಾಸರಿ ಹಾಕಿ

50 ದಿನಗಳ ಸರಾಸರಿ ಎಂದರೆ ಕಳೆದ 50 ವಹಿವಾಟಿನ ದಿನಗಳ ಮುಕ್ತಾಯದ ಬೆಲೆಗಳನ್ನು ಕೂಡಿ 50ರಿಂದ ಭಾಗಿಸಿದ್ದು. ನಾಳೆ ಹೊಸ ಬೆಲೆಯೊಂದು ಒಳಗೆ ಬರುತ್ತದೆ, ತೀರಾ ಹಳೆಯದೊಂದು ಹೊರಗೆ ಹೋಗುತ್ತದೆ. ಹೀಗೆ ದಿನವೂ ಜರುಗುವುದರಿಂದ ಇದು ಚಲಿಸುವ ಸರಾಸರಿ. ಶನಿವಾರ, ಭಾನುವಾರ, ರಜೆಗಳು ಲೆಕ್ಕಕ್ಕಿಲ್ಲ. ಹಾಗಾಗಿ 50 ದಿನ ಎಂದರೆ ಸುಮಾರು ಎರಡೂವರೆ ತಿಂಗಳು, 200 ದಿನ ಎಂದರೆ ಒಂಬತ್ತೂವರೆ ತಿಂಗಳು.

ಹೊಸ ಶೀಟಿನ A1 ಕೋಶದಲ್ಲಿ ಇದನ್ನು ಬರೆಯಿರಿ:

```
=GOOGLEFINANCE("INDEXSP:.INX","close",DATE(2019,1,1),DATE(2020,12,31),"DAILY")
```

A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಮುಕ್ತಾಯದ ಬೆಲೆ ಬಂದು ಕೂರುತ್ತವೆ. ನಿಫ್ಟಿ ಬೇಕಿದ್ದರೆ ಸೂಚ್ಯಂಕದ ಹೆಸರಿನ ಜಾಗದಲ್ಲಿ `INDEXNSE:NIFTY_50` ಎಂದು ಹಾಕಿ. ನೋಡಬೇಕಿರುವುದು 2020 ಆದರೂ 2019ರ ಆರಂಭದಿಂದ ತರಿಸುತ್ತಿದ್ದೇವೆ. 200 ಬೆಲೆಗಳು ಕೂಡುವ ತನಕ ದೊಡ್ಡ ಸರಾಸರಿ ಹುಟ್ಟುವುದೇ ಇಲ್ಲ, ಅದಕ್ಕೆ. ಬಂದ ಅಂಕಿಗಳನ್ನು ನಕಲಿಸಿ, ಬರೀ ಮೌಲ್ಯಗಳಾಗಿ ಇನ್ನೊಂದು ಹಾಳೆಯಲ್ಲಿ ಅಂಟಿಸಿಕೊಳ್ಳಿ. ಮುಂದೆ ಕೆಳಗಡೆ ಸಾಲುಗಳನ್ನು ಸೇರಿಸುವುದಿದೆ, ಸೂತ್ರ ಇದ್ದರೆ ಅದು ಅಡ್ಡ ಬರುತ್ತದೆ.

ಈಗ ಕ್ರಮವಾಗಿ C51, D201, E201, F202 ಕೋಶಗಳಲ್ಲಿ ಈ ನಾಲ್ಕು ಸೂತ್ರಗಳನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ:

```
=AVERAGE(B2:B51)
=AVERAGE(B2:B201)
=C201-D201
=IF(AND(E201<=0,E202>0),"ಗೋಲ್ಡನ್",IF(AND(E201>=0,E202<0),"ಡೆತ್",""))
```

E ಕಾಲಂ ಎರಡು ಸರಾಸರಿಗಳ ನಡುವಿನ ಅಂತರ. ಅದು ಕೂಡಿಸುವ ಚಿಹ್ನೆಯಿಂದ ಕಳೆಯುವ ಚಿಹ್ನೆಗೆ ಬದಲಾದ ದಿನ ಡೆತ್ ಕ್ರಾಸ್, ತಿರುಗುಮುರುಗಾದರೆ ಗೋಲ್ಡನ್ ಕ್ರಾಸ್. ಅಷ್ಟೇ. ಚಾರ್ಟಿನಲ್ಲಿ ಕಾಣುವ ಕೆಂಪು ಹಸಿರು ಗೆರೆಗಳ ಹಿಂದೆ ಇರುವುದು ಈ ನಾಲ್ಕು ಸಾಲು ಮಾತ್ರ.

ನಿಮ್ಮ ಮೊಬೈಲ್ ಆ್ಯಪ್ ತೋರಿಸುವ ದಿನಾಂಕ ಇದಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಆ್ಯಪ್ ಎಕ್ಸ್‌ಪೊನೆನ್ಶಿಯಲ್ ಸರಾಸರಿಯನ್ನು ಎಳೆಯುತ್ತಿರಬಹುದು. ಅದು ಹೊಸ ಬೆಲೆಗಳಿಗೆ ಹೆಚ್ಚು ತೂಕ ಕೊಡುತ್ತದೆ, ಆದ್ದರಿಂದ ದಾಟುವ ದಿನ ಬೇರೆಯಾಗುತ್ತದೆ. ಸುದ್ದಿಯಲ್ಲಿ ಬರುವ ಡೆತ್ ಕ್ರಾಸ್ ಸಾಮಾನ್ಯವಾಗಿ ನಾವು ಹಾಕಿದ ಸರಳ ಸರಾಸರಿಯದು.

ಎರಡನೆಯ ಹೆಜ್ಜೆ: ಹೊರಗೆ ಹೋಗುವ ಬೆಲೆಯನ್ನು ನೋಡಿ

ಬಹುತೇಕರು ಎಡವುವ ಜಾಗ ಇದು. ಸರಾಸರಿ ಏರಬೇಕೋ ಇಳಿಯಬೇಕೋ ಎಂಬುದನ್ನು ಇಂದಿನ ಬೆಲೆ ನಿನ್ನೆಗಿಂತ ಹೆಚ್ಚಿದೆಯೇ ಎಂಬುದು ತೀರ್ಮಾನಿಸುವುದಿಲ್ಲ. ಇಂದು ಒಳಗೆ ಬಂದ ಬೆಲೆ, ಇಂದು ಹೊರಗೆ ಹೋದ ಬೆಲೆಗಿಂತ ಹೆಚ್ಚಿದೆಯೇ ಎಂಬುದು ತೀರ್ಮಾನಿಸುತ್ತದೆ. G202 ಮತ್ತು H202ರಲ್ಲಿ ಹೀಗೆ ಹಾಕಿ:

```
=(B202-B152)/50
=(B202-B2)/200
```

ಮೊದಲನೆಯದು 50ರ ಸರಾಸರಿ ಇಂದು ಎಷ್ಟು ಜರುಗಿತು ಎಂಬುದು, ಎರಡನೆಯದು 200ರ ಸರಾಸರಿಯ ಜರುಗುವಿಕೆ.

ಈಗ ಮಾರ್ಚ್ 30ರ ಸಾಲಿಗೆ ಹೋಗಿ. ಅಂದು 50ರ ಲೆಕ್ಕದೊಳಗೆ ಬಂದದ್ದು 2,626. ಹೊರಗೆ ಹೋದದ್ದು ಯಾವುದು? ಐವತ್ತು ವಹಿವಾಟಿನ ದಿನ ಹಿಂದಕ್ಕೆ ಎಣಿಸಿದರೆ ಜನವರಿ 16 ಸಿಗುತ್ತದೆ. ಕೋವಿಡ್ ಭಯ ಪೇಟೆಯನ್ನು ಇನ್ನೂ ತಟ್ಟಿರದ ದಿನ, ಬೆಲೆ 3,316. ವ್ಯತ್ಯಾಸ 690 ಅಂಶ. ಅದನ್ನು 50ರಿಂದ ಭಾಗಿಸಿದರೆ ಸುಮಾರು 14. ಪೇಟೆ 85 ಅಂಶ ಜಿಗಿದ ದಿನವೇ 50ರ ಸರಾಸರಿ 14 ಅಂಶ ಕುಸಿಯಿತು. 200ರ ಲೆಕ್ಕದಿಂದ ಹೊರಗೆ ಹೋದದ್ದು 2019ರ ಜೂನ್ ತಿಂಗಳ 2,890ರ ಆಸುಪಾಸಿನ ಬೆಲೆ. ಹಾಗಾಗಿ ಅದು ಇಳಿದದ್ದು ಒಂದೂಕಾಲು ಅಂಶಕ್ಕಿಂತ ತುಸು ಹೆಚ್ಚು ಮಾತ್ರ. ಒಂದು ಗೆರೆ ದಿನಕ್ಕೆ 14 ಇಳಿಯುತ್ತಿದೆ, ಇನ್ನೊಂದು ಹೆಚ್ಚುಕಡಿಮೆ ನಿಂತಲ್ಲೇ ಇದೆ. ದಾಟದೆ ಇನ್ನೇನಾಗುತ್ತದೆ?

ಜುಲೈ 9ರ ಸಾಲಿನಲ್ಲಿ ಇದರ ಕನ್ನಡಿ ಬಿಂಬವಿದೆ. ಒಳಗೆ ಬಂದದ್ದು 3,152, ಹೊರಗೆ ಹೋದದ್ದು ಏಪ್ರಿಲ್ 28ರ 2,863. ಪೇಟೆ ಇಳಿದ ದಿನವೇ 50ರ ಸರಾಸರಿ ಸುಮಾರು ಆರು ಅಂಶ ಏರಿತು.

ಡೆತ್ ಕ್ರಾಸ್ ಮೂಡಿಸಿದ್ದು ಮಾರ್ಚ್ 30ರ ಯಾವ ಘಟನೆಯೂ ಅಲ್ಲ ಎಂಬುದನ್ನು ಗಮನಿಸಿ. ಜನವರಿಯ ಎತ್ತರದ ಬೆಲೆಗಳು ಒಂದೊಂದಾಗಿ ಲೆಕ್ಕದಿಂದ ಉದುರುತ್ತಿದ್ದವು, ಗೆರೆ ಅದರ ತೂಕಕ್ಕೆ ಬಾಗುತ್ತಿತ್ತು. ಪೇಟೆಯ ತಳ ಮಾರ್ಚ್ 23ರಂದೇ 2,237ರಲ್ಲಿ ಸಿಕ್ಕಿ ಹೋಗಿತ್ತು. ನಮ್ಮ ನಿಫ್ಟಿಯೂ ಅದೇ ದಿನ ಶೇ 13ರಷ್ಟು ಕುಸಿದು 7,610ರಲ್ಲಿ ಮುಗಿದಿತ್ತು. ಎಸ್ ಆ್ಯಂಡ್ ಪಿಯ ಡೆತ್ ಕ್ರಾಸ್ ಬಂದದ್ದು ತಳ ಸಿಕ್ಕ ಐದನೆಯ ವಹಿವಾಟಿನ ದಿನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಕಳ್ಳರು ಊರು ಬಿಟ್ಟು ಹೋದ ಮೇಲೆ ಬಾಗಿಲು ಬಿತ್ತು.

ಮೂರನೆಯ ಹೆಜ್ಜೆ: ತಡ ಎಷ್ಟು ಎಂಬುದನ್ನು ಆಟದ ಬೆಲೆಗಳಲ್ಲಿ ಅಳೆಯಿರಿ

ನಿಜವಾದ ಪೇಟೆಯಲ್ಲಿ ಏರಿಳಿತಗಳು ಕಲಸಿಹೋಗಿರುತ್ತವೆ, ತಡದ ಗುಣ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಇನ್ನೊಂದು ಹಾಳೆಯಲ್ಲಿ ಒಂದು ಕಾಲ್ಪನಿಕ ಷೇರನ್ನು ಮಾಡಿಕೊಳ್ಳಿ. ದಿನಕ್ಕೆ ಒಂದು ರೂಪಾಯಿಯಂತೆ 200 ದಿನಗಳಿಗೂ ಹೆಚ್ಚು ಕಾಲ ಏರುತ್ತ ಬಂದು 400 ರೂಪಾಯಿ ಮುಟ್ಟಿದೆ ಎನ್ನಿ. ಆ ದಿನ 50ರ ಸರಾಸರಿ 375.50 ಇರುತ್ತದೆ, 200ರ ಸರಾಸರಿ 300.50. ಬೆಲೆ ಹೀಗೆ ಒಂದೇ ಸಮನೆ ಏರುವಾಗ ಸರಾಸರಿಯು ತಾನು ಎಣಿಸುವ ದಿನಗಳ ನಡುಮಧ್ಯದ ಬೆಲೆಯನ್ನು ತೋರಿಸುತ್ತದೆ. 50ರದ್ದು ಸುಮಾರು 25 ದಿನ ಹಿಂದಿನ ಮಾತು, 200ರದ್ದು ಸುಮಾರು 100 ದಿನ ಹಿಂದಿನ ಮಾತು. ಇವೆರಡರ ನಡುವೆ ಈಗ 75 ರೂಪಾಯಿಯ ಅಂತರವಿದೆ. ಡೆತ್ ಕ್ರಾಸ್ ಆಗಬೇಕಾದರೆ ಮೊದಲು ಈ 75 ಕರಗಬೇಕು.

ಮರುದಿನದಿಂದ ಷೇರು ಅದೇ ವೇಗದಲ್ಲಿ, ದಿನಕ್ಕೆ ಒಂದು ರೂಪಾಯಿ ಇಳಿಯಲಿ. ಶೀಟಿನಲ್ಲಿ ಎಳೆದು ನೋಡಿದರೆ ಡೆತ್ ಕ್ರಾಸ್ ಬರುವುದು 78ನೆಯ ದಿನ. ಬೆಲೆ ಆಗ 322 ರೂಪಾಯಿ. ತುದಿಯಿಂದ ಮೂರೂವರೆ ತಿಂಗಳಿಗೂ ಹೆಚ್ಚು ತಡ.

ಇಳಿತ ಮೂರು ಪಟ್ಟು ವೇಗವಾದರೆ, ಅಂದರೆ ದಿನಕ್ಕೆ ಮೂರು ರೂಪಾಯಿ ಇಳಿದರೆ, ಕ್ರಾಸ್ ಬೇಗ ಬರಬೇಕಲ್ಲವೇ? ಬರುತ್ತದೆ, 50ನೆಯ ದಿನಕ್ಕೆ. ಆದರೆ ಅಷ್ಟರಲ್ಲಿ 150 ರೂಪಾಯಿ ಹೋಗಿ ಬೆಲೆ 250 ಆಗಿರುತ್ತದೆ. ಇನ್ನೂ ವೇಗವಾಗಿ, ದಿನಕ್ಕೆ ಒಂಬತ್ತು ರೂಪಾಯಿ ಇಳಿಸಿ ನೋಡಿ. 32ನೆಯ ದಿನ ಕ್ರಾಸ್, ಬೆಲೆ 112. ಕುಸಿತ ಚುರುಕಾದಷ್ಟೂ ಸೂಚನೆ ದಿನಗಳ ಲೆಕ್ಕದಲ್ಲಿ ಬೇಗ ಬರುತ್ತದೆ, ಹಣದ ಲೆಕ್ಕದಲ್ಲಿ ತಡವಾಗುತ್ತದೆ. ಈ ಒಂದು ಮಾತನ್ನು ಚಾರ್ಟ್ ನೋಡಿ ಕಲಿತವರು ಬಹಳ ಸಲ ತಲೆಕೆಳಗಾಗಿ ಹಿಡಿದಿರುತ್ತಾರೆ. ದೊಡ್ಡ ಅನಾಹುತದಿಂದ ಡೆತ್ ಕ್ರಾಸ್ ಕಾಪಾಡುತ್ತದೆ ಎಂಬುದು ಅವರ ನಂಬಿಕೆ. ಅನಾಹುತ ಹಠಾತ್ತನೆ ಬಂದಷ್ಟೂ ಅದು ಕಾಪಾಡುವುದು ಕಡಿಮೆ.

2020ರಲ್ಲಿ ಆದದ್ದು ಇದೇ. ಫೆಬ್ರುವರಿ 19ರ 3,386ರಿಂದ ಕುಸಿತ ಶುರುವಾಗಿ 23 ವಹಿವಾಟಿನ ದಿನಗಳಲ್ಲಿ ತಳ ಮುಟ್ಟಿತು. ಕ್ರಾಸ್ ಬಂದದ್ದು 28ನೆಯ ದಿನ. ಗೆರೆಗಳ ದೃಷ್ಟಿಯಲ್ಲಿ 28 ದಿನ ತೀರಾ ಕಡಿಮೆ ಸಮಯ, ಅವು ಓಡೋಡಿ ಬಂದಿದ್ದವು. ಆದರೂ ಕುಸಿತವೇ ಅದಕ್ಕಿಂತ ಮೊದಲು ಮುಗಿದಿತ್ತು.

ನಾಲ್ಕನೆಯ ಹೆಜ್ಜೆ: ಸೂಚನೆಯಂತೆ ನಡೆದಿದ್ದರೆ ಏನಾಗುತ್ತಿತ್ತು ಎಂದು ಬರೆದಿಡಿ

F ಕಾಲಂನಲ್ಲಿ ‘ಡೆತ್’ ಎಂದು ಬಂದ ಸಾಲಿನ ಬೆಲೆಯನ್ನೂ ಅದರ ಮುಂದಿನ ‘ಗೋಲ್ಡನ್’ ಸಾಲಿನ ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಮೊದಲನೆಯದರಲ್ಲಿ ಮಾರಿ ಎರಡನೆಯದರಲ್ಲಿ ಮರಳಿ ಕೊಂಡವನ ಸ್ಥಿತಿ ಅದರಿಂದ ಗೊತ್ತಾಗುತ್ತದೆ. ಎರಡನೆಯ ಬೆಲೆ ಕಡಿಮೆ ಇದ್ದರೆ ಸೂಚನೆ ಅವನಿಗೆ ಲಾಭ ಮಾಡಿಕೊಟ್ಟಿದೆ, ಹೆಚ್ಚಿದ್ದರೆ ದಂಡ ಕಟ್ಟಿಸಿದೆ. ಸರಾಸರಿ ಲೆಕ್ಕವಾಗುವುದು ಪೇಟೆ ಮುಗಿದ ಮೇಲೆ. ಹಾಗಾಗಿ ನಿಜದಲ್ಲಿ ಮಾರುವುದು ಮರುದಿನ. ಆ ಒಂದು ದಿನದ ವ್ಯತ್ಯಾಸವನ್ನು ಇಲ್ಲಿ ಬಿಟ್ಟಿದ್ದೇನೆ.

2020ರಲ್ಲಿ ಮಾರಿದ ಬೆಲೆ 2,626, ಮರಳಿ ಕೊಂಡದ್ದು 3,152. ಅದೇ ವಸ್ತುವಿಗೆ ಶೇ 20 ಹೆಚ್ಚು. ತುದಿಯಿಂದ ಶೇ 22ರಷ್ಟು ಇಳಿದ ಮೇಲೆ ಹೊರಬಂದು, ತಳದಿಂದ ಶೇ 41ರಷ್ಟು ಏರಿದ ಮೇಲೆ ಒಳಹೋದದ್ದರ ಫಲ ಇದು.

ಮೊದಲ ಸೂತ್ರದ ದಿನಾಂಕಗಳನ್ನು ಬದಲಿಸಿದರೆ ಬೇರೆ ವರ್ಷಗಳನ್ನೂ ಹೀಗೆಯೇ ನೋಡಬಹುದು. 2018ರಲ್ಲಿ ಡಿಸೆಂಬರ್ 7ರಂದು 2,633ರಲ್ಲಿ ಡೆತ್ ಕ್ರಾಸ್, 2019ರ ಏಪ್ರಿಲ್ 1ರಂದು 2,867ರಲ್ಲಿ ಗೋಲ್ಡನ್ ಕ್ರಾಸ್. ನಡುವೆ ಡಿಸೆಂಬರ್ 24ರಂದು 2,351ರವರೆಗೆ ಇಳಿದಿತ್ತು. ಹಾಗಾಗಿ ಮಾರಿದವನು ಎರಡು ವಾರ ತನ್ನ ಬೆನ್ನು ತಾನೇ ತಟ್ಟಿಕೊಂಡಿರುತ್ತಾನೆ. ಕೊನೆಗೆ ಶೇ 9ರಷ್ಟು ಹೆಚ್ಚು ಕೊಟ್ಟು ಕೊಂಡ.

2022ರದ್ದು ವಿಚಿತ್ರ. ಮಾರ್ಚ್ 14ರಂದು 4,173ರಲ್ಲಿ ಮಾರಾಟ, 2023ರ ಫೆಬ್ರುವರಿ 2ರಂದು 4,179ರಲ್ಲಿ ಖರೀದಿ. ಈ ನಡುವೆ ಅಕ್ಟೋಬರ್‌ನಲ್ಲಿ ಸೂಚ್ಯಂಕ 3,577ಕ್ಕೆ ಇಳಿದಿತ್ತು. ಸುಮಾರು ಹನ್ನೊಂದು ತಿಂಗಳ ಕಾಲ ಹೊರಗೆ ನಿಂತಿದ್ದವನು ಕೊನೆಗೆ ಹೆಚ್ಚುಕಡಿಮೆ ಮಾರಿದ ಬೆಲೆಗೇ ಕೊಂಡುಕೊಂಡ. ಡೆತ್ ಕ್ರಾಸ್ ಇಲ್ಲಿ ಸುಳ್ಳು ಹೇಳಿರಲಿಲ್ಲ. ಅದು ಉಳಿಸಿಕೊಟ್ಟದ್ದನ್ನೆಲ್ಲ ಗೋಲ್ಡನ್ ಕ್ರಾಸಿನ ತಡ ತಿಂದುಹಾಕಿತು. ಮಾರುವಾಗಿನ ತಡವನ್ನಷ್ಟೇ ನೋಡುವವರು ಇದನ್ನು ಮರೆಯುತ್ತಾರೆ. ತಡಕ್ಕೆ ಎರಡು ಸಲ ಬೆಲೆ ತೆರಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಹಾಗಾದರೆ ಈ ಗೆರೆಗಳನ್ನು ಜನ ಇನ್ನೂ ಯಾಕೆ ನೋಡುತ್ತಾರೆ? 2007ರ ಕಾರಣಕ್ಕೆ. ಆ ವರ್ಷದ ಅಕ್ಟೋಬರ್ 9ರಂದು 1,565ರಲ್ಲಿ ತುದಿ ಮುಟ್ಟಿದ ಸೂಚ್ಯಂಕ ಒಮ್ಮೆಲೇ ಬೀಳಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ಹೊಯ್ದಾಡಿತು. ಅಷ್ಟರಲ್ಲಿ ಸರಾಸರಿಗಳ ನಡುವಿನ ಅಂತರ ಕರಗಿ, ಡಿಸೆಂಬರ್ 21ರಂದು 1,484ರಲ್ಲಿಯೇ ಡೆತ್ ಕ್ರಾಸ್ ಬಂತು. ತುದಿಯಿಂದ ಬರೀ ಶೇ 5 ಕೆಳಗೆ. ಆಮೇಲೆ 2009ರ ಮಾರ್ಚ್ 9ರ 676ರವರೆಗೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇಳಿತ. ಗೋಲ್ಡನ್ ಕ್ರಾಸ್ 2009ರ ಜೂನ್ 23ರಂದು 895ರಲ್ಲಿ ಬಂದಾಗ ತಳದಿಂದ ಶೇ 32 ಏರಿಕೆ ಕೈತಪ್ಪಿತ್ತು, ಅಂದರೆ ಅಲ್ಲಿಯೂ ತಡವೇ. ಆದರೂ ಮಾರಿದ ಬೆಲೆಗಿಂತ ಶೇ 40 ಅಗ್ಗವಾಗಿ ಸಿಕ್ಕಿತು.

2020 ಮತ್ತು 2007ರ ಎರಡು ಕಥೆಗಳಲ್ಲೂ ಗೆರೆ ಒಂದೇ, ಸೂತ್ರ ಒಂದೇ. ಬೇರೆಯಾದದ್ದು ಇಳಿತದ ಆಯುಷ್ಯ. ಎರಡು ಮೂರು ತಿಂಗಳ ತಡವನ್ನು ತಾಳಿಕೊಂಡು ಮತ್ತೂ ಮುಂದುವರಿಯುವಷ್ಟು ಉದ್ದದ ಇಳಿತವಾದರೆ ಈ ಸೂಚನೆಗೆ ಬೆಲೆ. ಇಳಿತ ಎಷ್ಟು ಉದ್ದ ಎಂಬುದನ್ನು ಮಾತ್ರ ಗೆರೆ ಹೇಳುವುದಿಲ್ಲ.

ಐದನೆಯ ಹೆಜ್ಜೆ: ಕ್ರಾಸ್ ಬರುವ ದಿನವನ್ನು ಮೊದಲೇ ಹೇಳಿ

ಇದು ನನಗೆ ಅತ್ಯಂತ ಇಷ್ಟವಾದ ಭಾಗ, ಸ್ವಲ್ಪ ಜಾದೂಗಾರನ ಗುಟ್ಟು ಬಯಲು ಮಾಡಿದಂತೆ. ಇಂದಿನವರೆಗಿನ ಬೆಲೆಗಳ ಕೆಳಗೆ ಇನ್ನು 20 ಸಾಲು ಸೇರಿಸಿ, ಎಲ್ಲದರಲ್ಲೂ ಇಂದಿನ ಬೆಲೆಯನ್ನೇ ಬರೆಯಿರಿ. ಅಂದರೆ ಪೇಟೆ ಮುಂದಿನ ಒಂದು ತಿಂಗಳು ಕದಲುವುದೇ ಇಲ್ಲ ಎಂದು ಭಾವಿಸಿ. C, D, E, F ಕಾಲಂಗಳನ್ನು ಕೆಳಗೆ ಎಳೆಯಿರಿ.

ಬೆಲೆ ಒಂದಿಷ್ಟೂ ಅಲ್ಲಾಡದಿದ್ದರೂ ಎರಡು ಸರಾಸರಿಗಳು ಜರುಗುತ್ತಲೇ ಇರುತ್ತವೆ, ಏಕೆಂದರೆ ಹಳೆಯ ಬೆಲೆಗಳು ಹೊರಗೆ ಹೋಗುತ್ತಲೇ ಇರುತ್ತವೆ. ಆ 20 ಸಾಲುಗಳೊಳಗೆ ‘ಡೆತ್’ ಎಂಬ ಪದ ಬಿದ್ದರೆ ಅದರ ಅರ್ಥ ಇದು: ಬರಲಿರುವ ಡೆತ್ ಕ್ರಾಸ್‌ಗೆ ಬೇಕಾದ ಇಳಿತ ಆಗಿ ಮುಗಿದಿದೆ. ಆ ದಿನ ಬಂದಾಗ ಅದು ಹೊಸ ವಿಷಯವನ್ನೇನೂ ತರುವುದಿಲ್ಲ. ಪೇಟೆಯಲ್ಲಿರುವ ಯಾರು ಬೇಕಾದರೂ ಈ ಲೆಕ್ಕವನ್ನು ಇಂದೇ ಮಾಡಬಹುದು, ಮಾಡಿಯೂ ಇರುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸೇರಿಸಿದ ಸಾಲುಗಳಲ್ಲಿ ಇಂದಿನ ಬೆಲೆಯ ಬದಲು ಶೇ 5 ಹೆಚ್ಚಿನ ಬೆಲೆ ಹಾಕಿ ನೋಡಿ, ಆಮೇಲೆ ಶೇ 10. ಬೆಲೆ ಶೇ 10 ಏರಿದರೂ ‘ಡೆತ್’ ಎಂದೇ ಬರುತ್ತಿದ್ದರೆ ಆ ಕ್ರಾಸನ್ನು ಸೂಚನೆ ಎನ್ನುವುದೇ ಕಷ್ಟ. 2020ರ ಮಾರ್ಚ್ 23ರವರೆಗಿನ ಬೆಲೆಗಳನ್ನಷ್ಟೇ ಇಟ್ಟುಕೊಂಡು ಈ ಪ್ರಯೋಗ ಮಾಡಿ. ಅದಾದ ಮೇಲೆ ಐದು ದಿನಗಳಲ್ಲಿ ಪೇಟೆ ಶೇ 17ರಷ್ಟು ಏರಿತು, ಅಷ್ಟು ಏರಿಯೂ ಕ್ರಾಸನ್ನು ತಪ್ಪಿಸಲಾಗಲಿಲ್ಲ.

ಕೈಕೊಡುವ ಅಂಕಿಗಳು

ಸೂಚ್ಯಂಕ ಬಿಟ್ಟು ಒಂಟಿ ಷೇರಿಗೆ ಇದನ್ನು ಹಚ್ಚುವಾಗ ಬೋನಸ್ ಮತ್ತು ಸ್ಪ್ಲಿಟ್‌ಗಳ ಬಗ್ಗೆ ಎಚ್ಚರ ಬೇಕು. ನಮ್ಮ ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಷೇರುಗಳ ಸಂಖ್ಯೆ ಎರಡು ಪಟ್ಟಾಯಿತು, ಬೆಲೆ ಅರ್ಧವಾಯಿತು, ಹೂಡಿಕೆದಾರನ ಕೈಯಲ್ಲಿರುವ ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಹಳೆಯ ಬೆಲೆಗಳನ್ನು ಅರ್ಧಕ್ಕೆ ಇಳಿಸದ ಪಟ್ಟಿಯೊಂದು ನಿಮ್ಮ ಕೈಗೆ ಸಿಕ್ಕಿದರೆ 50ರ ಸರಾಸರಿ ಆ ದಿನದಿಂದ ಜಾರಲು ಶುರುವಾಗಿ, ಏನೂ ಆಗಿರದ ಕಂಪನಿಗೆ ಡೆತ್ ಕ್ರಾಸ್ ಬರೆಯುತ್ತದೆ. ಗುರುತಿಸುವುದು ಸುಲಭ. ಒಂದೇ ದಿನದಲ್ಲಿ ಬೆಲೆ ಸರಿಯಾಗಿ ಅರ್ಧಕ್ಕೋ ಐದನೆಯ ಒಂದಕ್ಕೋ ಬಿದ್ದಿದ್ದರೆ ಅದು ಕುಸಿತವಲ್ಲ, ಲೆಕ್ಕದ ಬದಲಾವಣೆ. ಹೊಂದಿಸಿದ ಬೆಲೆಗಳ ಪಟ್ಟಿಯನ್ನೇ ಬಳಸಿ.

ಇನ್ನೊಂದು, ಸಾಲುಗಳು ತಪ್ಪಿಹೋಗುವುದು. ಉಚಿತವಾಗಿ ಸಿಗುವ ಪಟ್ಟಿಗಳಲ್ಲಿ ನಡುವೆ ಕೆಲವು ದಿನಗಳು ಇಲ್ಲದಿರುವುದುಂಟು. ನಾಲ್ಕೈದು ದಿನ ಇಲ್ಲದಿದ್ದರೆ ಕ್ರಾಸಿನ ದಿನಾಂಕ ಒಂದೆರಡು ದಿನ ಆಚೀಚೆ ಆಗಬಹುದು, ಅದಕ್ಕಿಂತ ದೊಡ್ಡ ತೊಂದರೆಯಿಲ್ಲ.

ಸುದ್ದಿ ಬಂದ ದಿನ ಬರೆದುಕೊಳ್ಳಬೇಕಾದ ಮೂರು ಉತ್ತರ

ಕಳೆದ ವರ್ಷ ಭಾವ ಫೋನ್ ಮಾಡಿದ್ದರು. ‘ಡೆತ್ ಕ್ರಾಸ್ ಬಂದಿದೆಯಂತೆ, ಫಂಡನ್ನೆಲ್ಲ ಮಾರಿಬಿಡಲೇ?’ ಎಂದು ಕೇಳಿದರು. ಮಾರಿ, ಆದರೆ ಅದಕ್ಕೆ ಮೊದಲು ಒಂದು ಕಾಗದದಲ್ಲಿ ಮೂರು ಉತ್ತರ ಬರೆದು ಕಳುಹಿಸಿ ಎಂದೆ.

ಮೊದಲನೆಯದು, ತುದಿಯಿಂದ ಇಂದಿನ ಬೆಲೆ ಎಷ್ಟು ಶೇಕಡ ಕೆಳಗಿದೆ, ತುದಿ ಬಂದು ಎಷ್ಟು ವಹಿವಾಟಿನ ದಿನವಾಯಿತು. 2007ರಂತೆ ಹಲವು ವಾರಗಳ ಹೊಯ್ದಾಟದ ಬಳಿಕ ಶೇ 5 ಕೆಳಗಿದ್ದರೆ ಅದೊಂದು ಬಗೆ. 2020ರಂತೆ 28 ದಿನಕ್ಕೆ ಶೇ 22 ಕೆಳಗಿದ್ದರೆ ಮಾರುವ ಹೊತ್ತು ಆಗಲೇ ದಾಟಿ ಹೋಗಿರುವ ಸಂಭವ ಹೆಚ್ಚು.

ಎರಡನೆಯದು, 200ರ ಸರಾಸರಿ ಯಾವ ಕಡೆ ಜರುಗುತ್ತಿದೆ. H ಕಾಲಂ ನೋಡಿದರೆ ಗೊತ್ತಾಗುತ್ತದೆ. ಅದೂ ಕೆಲವು ವಾರಗಳಿಂದ ಇಳಿಯುತ್ತಿದ್ದರೆ, ಇಂದಿನ ಬೆಲೆ ಒಂಬತ್ತು ತಿಂಗಳ ಹಿಂದಿನ ಬೆಲೆಗಿಂತಲೂ ಕೆಳಗಿದೆ ಎಂದಾಯಿತು. ಇಳಿತ ಬೇರು ಬಿಟ್ಟಿದೆ. ಅದು ಇನ್ನೂ ಏರುತ್ತಲೇ ಇದ್ದು 50ರದ್ದು ಮಾತ್ರ ಧುಮುಕಿ ದಾಟಿದ್ದರೆ, ಒಂದು ಚುರುಕಾದ ಇಳಿತದ ನೆರಳು ಮಾತ್ರ ಆಗಿರಬಹುದು. ಗೋಲ್ಡನ್ ಕ್ರಾಸ್‌ಗೂ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು.

ಮೂರನೆಯದಕ್ಕೆ ಉತ್ತರ ಬರೆಯುವುದು ಕಷ್ಟ: ಮರಳಿ ಕೊಳ್ಳುವುದು ಯಾವಾಗ? ಗೋಲ್ಡನ್ ಕ್ರಾಸ್ ಬಂದಾಗ ಎಂದರೆ ಮಾರಿದ ಬೆಲೆಗಿಂತ ಶೇ 20 ಹೆಚ್ಚು ಕೊಡಲು ಸಿದ್ಧವಿರಬೇಕು, 2020ರಲ್ಲಿ ಕೊಟ್ಟಂತೆ. ಬೇರೆ ನಿಯಮವಿದ್ದರೆ, ಇಂತಿಷ್ಟು ಇಳಿದರೆ ಒಂದು ಪಾಲು, ಇಂತಿಷ್ಟು ತಿಂಗಳಾದರೆ ಇನ್ನೊಂದು ಪಾಲು ಎಂದಿದ್ದರೆ, ಅದನ್ನು ಮಾರುವ ಮೊದಲೇ ಬೆಲೆ ಸಮೇತ ಬರೆದಿಡಬೇಕು. ತೆರಿಗೆಯನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಈಕ್ವಿಟಿ ಫಂಡ್ ಅಥವಾ ಷೇರನ್ನು ಕೊಂಡು ವರ್ಷ ತುಂಬುವ ಮೊದಲೇ ಮಾರಿದರೆ 2024ರ ಜುಲೈನಿಂದ ಲಾಭದ ಮೇಲೆ ಶೇ 20 ತೆರಿಗೆ. ವರ್ಷ ದಾಟಿದ್ದರೆ, ಒಂದೂಕಾಲು ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ 12.5. ಒಮ್ಮೆ ಮಾರಿ ಮರಳಿ ಕೊಂಡರೆ ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರು.

ಎರಡು ದಿನ ಬಿಟ್ಟು ಭಾವ ಕಾಗದದ ಫೋಟೊ ಕಳುಹಿಸಿದರು. ಮೊದಲ ಎರಡಕ್ಕೆ ಅಂಕಿ ಸಮೇತ ಉತ್ತರವಿತ್ತು. ಮೂರನೆಯದರ ಮುಂದೆ ಒಂದು ಬೆಲೆ ಬರೆದು, ಹೊಡೆದುಹಾಕಿ, ಇನ್ನೊಂದು ಬರೆದು, ಅದನ್ನೂ ಹೊಡೆದುಹಾಕಿದ್ದರು. ಫಂಡನ್ನು ಮಾರಲಿಲ್ಲ.